ಬಿಲ್ಲು ತೀರಿದ ಮೇಲೂ ಬಿಡುಗಡೆಯಾಗದ ಹಣ

ವ್ಯಾಪಾರದ ನಿಮಿತ್ತ ಬೆಂಗಳೂರು, ಹೈದರಾಬಾದ್, ಮುಂಬಯಿಗಳಿಗೆ ಹೋಗಿ ಬರುವ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ವರ್ತಕರಿಂದ ಈಚೆಗೆ ಪದೇ ಪದೇ ಕೇಳಿಬರುವ ದೂರು ಒಂದಿದೆ. ಹೋಟೆಲಿನ ಬಿಲ್ಲನ್ನು ಪೂರ್ತಿ ಪಾವತಿಸಿ ಊರಿಗೆ ಮರಳಿದ್ದಾಗಿದೆ, ರಸೀದಿಯೂ ಕೈಯಲ್ಲಿದೆ, ಆದರೆ ಖಾತೆಯಲ್ಲಿ ಬಳಸಲು ಸಿಗುವ ಹಣ ಮಾತ್ರ ಬಿಲ್ಲಿನ ಮೊತ್ತಕ್ಕಿಂತ ಬಹಳ ಹೆಚ್ಚು ಕಡಿಮೆಯಾಗಿದೆ. “ಎರಡು ಸಲ ಕಡದಾರೇನ್ರೀ?” ಎಂಬುದು ಸಾಮಾನ್ಯ ಪ್ರಶ್ನೆ. ಎರಡು ಸಲ ಕಡಿದಿರುವುದಿಲ್ಲ. ಒಂದು ಸಲ ಕಡಿದು, ಇನ್ನೊಂದು ಮೊತ್ತವನ್ನು ಕಟ್ಟಿಹಾಕಿರುತ್ತಾರೆ. ಇವೆರಡರ ನಡುವಿನ ವ್ಯತ್ಯಾಸವನ್ನು ತಿಳಿಯದ ಕಾರಣ ನಮ್ಮವರು ತಪ್ಪು ಕಡೆ ದೂರು ಕೊಟ್ಟು ದಿನಗಳನ್ನು ಕಳೆಯುತ್ತಾರೆ.

ಹೋಟೆಲಿನಲ್ಲಿ ಕೊಠಡಿ ಪಡೆಯುವಾಗ ಸ್ವಾಗತ ಕಟ್ಟೆಯಲ್ಲಿ ಕಾರ್ಡನ್ನು ಯಂತ್ರಕ್ಕೆ ಹಾಕಿಸಿ ಪಿನ್ ಒತ್ತಿಸಿಕೊಳ್ಳುವುದು ಹಣ ವಸೂಲಿಗಲ್ಲ. ಅದಕ್ಕೆ ಪ್ರೀ-ಆಥರೈಸೇಷನ್ ಎಂದು ಹೆಸರು. ಅತಿಥಿ ಎಷ್ಟು ದಿನ ಉಳಿಯುತ್ತಾನೆ, ಊಟ ತಿಂಡಿ, ಬಟ್ಟೆ ಒಗೆತಕ್ಕೆ ಎಷ್ಟಾಗುತ್ತದೆ ಎಂಬುದು ಆಗ ಗೊತ್ತಿಲ್ಲವಾದ್ದರಿಂದ, ಬಾಡಿಗೆಯ ಜೊತೆಗೆ ಇಂತಿಷ್ಟು ಎಂದು ಸೇರಿಸಿ ಒಂದು ಅಂದಾಜು ಮೊತ್ತವನ್ನು ಹೋಟೆಲು ಕಾರ್ಡ್ ನೀಡಿದ ಬ್ಯಾಂಕಿಗೆ ತಿಳಿಸುತ್ತದೆ. ಬ್ಯಾಂಕು ಒಂದು ಅನುಮೋದನೆ ಸಂಖ್ಯೆಯನ್ನು ಕೊಟ್ಟು, ಆ ಮೊತ್ತವನ್ನು ಬೇರೆ ಯಾವುದಕ್ಕೂ ಬಳಸದಂತೆ ಗುರುತು ಹಾಕುತ್ತದೆ. ಹಣ ಖಾತೆಯಿಂದ ಹೊರಹೋಗಿರುವುದಿಲ್ಲ, ಆದರೆ ಖಾತೆದಾರನ ಕೈಗೂ ಸಿಗುವುದಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದು ಮಾಲು ಎತ್ತುವ ಮುನ್ನ ಹಿಡಿದಿಟ್ಟ ಸಂಚಗಾರವಿದ್ದಂತೆ. ಸಂಚಗಾರವಾದರೂ ಕೈಯಿಂದ ಕೈಗೆ ಹೋಗುತ್ತದೆ, ಇದು ಹಾಗೂ ಹೋಗುವುದಿಲ್ಲ.

ತೊಂದರೆ ಹುಟ್ಟುವುದು ಕೊಠಡಿ ಬಿಡುವಾಗ. ಹೋಟೆಲಿನವರ ಮುಂದೆ ಆಗ ಎರಡು ದಾರಿಗಳಿರುತ್ತವೆ. ಮೊದಲನೆಯದು ಸರಿಯಾದ ದಾರಿ: ಹಿಂದೆ ಪಡೆದ ಅನುಮೋದನೆ ಸಂಖ್ಯೆಯನ್ನೇ ಯಂತ್ರದಲ್ಲಿ ನಮೂದಿಸಿ, ಕಟ್ಟಿಹಾಕಿದ ಮೊತ್ತದಲ್ಲಿ ಬಿಲ್ಲಿನಷ್ಟನ್ನು ಮಾತ್ರ ವಸೂಲು ಮಾಡಿ ಆ ಲೆಕ್ಕವನ್ನು ಮುಗಿಸುವುದು. ಹೀಗೆ ಮಾಡಿದಾಗ ಹಳೆಯ ತಡೆಗೂ ಹೊಸ ವಸೂಲಿಗೂ ಬ್ಯಾಂಕಿನಲ್ಲಿ ತಾಳೆ ಬೀಳುತ್ತದೆ. ಎರಡನೆಯದು ಅವಸರದ ದಾರಿ: ಹಳೆಯದನ್ನು ಮುಟ್ಟದೆ ಹೊಸದಾಗಿ ಕಾರ್ಡು ಹಾಕಿ ಮಾರಾಟವೆಂದು ಬಿಲ್ಲು ತೆಗೆಯುವುದು, ಇಲ್ಲವೇ ಅತಿಥಿಯೇ ಯುಪಿಐ ಮೂಲಕ ಅಥವಾ ನಗದಾಗಿ ಕೊಟ್ಟಾಗ ಅದನ್ನು ಪಡೆದು ಸುಮ್ಮನಾಗುವುದು. ಬೆಳಗಿನ ಹೊತ್ತು ಕಟ್ಟೆಯ ಮುಂದೆ ಹತ್ತು ಜನ ನಿಂತಿರುವಾಗ ಎರಡನೆಯದೇ ಹೆಚ್ಚಾಗಿ ನಡೆಯುತ್ತದೆ. ಹಳೆಯ ತಡೆಯನ್ನು ರದ್ದು ಮಾಡಬೇಕೆಂಬ ನೆನಪು ಯಾರಿಗೂ ಇರುವುದಿಲ್ಲ. ಬಿಲ್ಲು ಬೇರೆ ಮಾರ್ಗದಲ್ಲಿ ತೀರಿದೆ ಎಂಬುದು ಬ್ಯಾಂಕಿಗೆ ಗೊತ್ತಾಗುವ ಬಗೆಯೂ ಇಲ್ಲ. ಹೋಟೆಲಿನ ವಾಸ್ತವ್ಯ ದೀರ್ಘವಾಗಬಹುದೆಂಬ ಕಾರಣಕ್ಕೆ ಕಾರ್ಡ್ ಜಾಲಗಳ ನಿಯಮಗಳು ಇಂತಹ ಅನುಮೋದನೆಗೆ ಸುಮಾರು 30 ದಿನಗಳವರೆಗೆ ಆಯುಷ್ಯ ಕೊಟ್ಟಿವೆ. ಕೆಲವು ಬ್ಯಾಂಕುಗಳು ಅದಕ್ಕೂ ಮೊದಲೇ ತಾವಾಗಿ ಬಿಡುತ್ತವೆ, ಕೆಲವು ಬಿಡುವುದಿಲ್ಲ.

ಇದರ ಪರಿಣಾಮ ಏನೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಸಿಂದಗಿಯ ತೊಗರಿ ವ್ಯಾಪಾರಿಯೊಬ್ಬರು ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ರಾತ್ರಿ ತಂಗಿದರೆಂದು ಇಟ್ಟುಕೊಳ್ಳಿ. ದಿನದ ಬಾಡಿಗೆ 4,000 ರೂಪಾಯಿ, ಶೇ. 5ರ ಜಿಎಸ್‌ಟಿ ಸೇರಿ ಎರಡು ದಿನಕ್ಕೆ 8,400. ದಿನಕ್ಕೆ 3,000ದಂತೆ ಇತರ ವೆಚ್ಚಕ್ಕೆಂದು 6,000 ಸೇರಿಸಿ, ಚಾಲ್ತಿ ಖಾತೆಯ ಡೆಬಿಟ್ ಕಾರ್ಡಿನ ಮೇಲೆ ಒಟ್ಟು 14,400 ರೂಪಾಯಿಗಳನ್ನು ತಡೆಹಿಡಿದರು. ಊಟದ ಖರ್ಚು 1,600 ಆಗಿ ಕೊನೆಯ ಬಿಲ್ಲು 10,000ಕ್ಕೆ ಬಂದಿತು. ಇವರು ಅದನ್ನು ಅದೇ ಖಾತೆಯಿಂದ ಯುಪಿಐ ಮೂಲಕ ಕೊಟ್ಟು ರಾತ್ರಿಯ ಬಸ್ಸು ಹಿಡಿದರು. ಖಾತೆಯಲ್ಲಿ ಮೊದಲಿದ್ದುದು 60,000. ಇವರ ಲೆಕ್ಕದಲ್ಲಿ ಉಳಿದದ್ದು 50,000. ಆ ಧೈರ್ಯದ ಮೇಲೆ ಮುಂಚೆಯೇ ಕೊಟ್ಟಿದ್ದ 40,000ದ ಚೆಕ್ಕು ಮೂರನೆಯ ದಿನ ಬ್ಯಾಂಕಿಗೆ ಬಂದಿತು. ಬ್ಯಾಂಕಿನ ಯಂತ್ರಕ್ಕೆ ಕಂಡದ್ದು 60,000ದಲ್ಲಿ 10,000 ಮತ್ತು 14,400 ಕಳೆದು ಉಳಿದ 35,600 ಮಾತ್ರ. ಚೆಕ್ಕು ಹಣದ ಕೊರತೆಯೆಂದು ಮರಳಿತು.

ಹೋಟೆಲಿನವರು ಮೊದಲನೆಯ ದಾರಿ ಹಿಡಿದಿದ್ದರೆ ಇದೇ ಖಾತೆಯಲ್ಲಿ ಏನಾಗುತ್ತಿತ್ತು? 14,400ರಲ್ಲಿ 10,000 ವಸೂಲಾಗಿ, ಮಿಕ್ಕ 4,400 ಬಿಡುಗಡೆಯಾಗಲು ಇನ್ನೆರಡು ದಿನ ಹಿಡಿದಿದ್ದರೂ ಬಳಸಬಹುದಾದ ಹಣ 45,600 ಇರುತ್ತಿತ್ತು. ಚೆಕ್ಕು ನಿರಾತಂಕವಾಗಿ ಪಾಸಾಗುತ್ತಿತ್ತು. ಅತಿಥಿಗೆ ಯುಪಿಐ ಸುಲಭವೆನಿಸಿದ್ದು ಸಹಜ, ಆದರೆ ಈ ಪ್ರಕರಣದಲ್ಲಿ ಆ ಸುಲಭವೇ ದುಬಾರಿಯಾಯಿತು. ತಡೆ ಯಾವ ಕಾರ್ಡಿನ ಮೇಲೆ ಬಿದ್ದಿದೆಯೋ ಬಿಲ್ಲೂ ಅದೇ ಕಾರ್ಡಿನಿಂದ, ಅದೇ ಅನುಮೋದನೆಯ ಮೇಲೆ ತೀರುವುದು ಒಳ್ಳೆಯದು.

ಮರಳಿದ ಚೆಕ್ಕಿನ ಶುಲ್ಕವೇನೋ ನೂರಾರು ರೂಪಾಯಿಗಳದ್ದು, ಅದನ್ನು ನುಂಗಿಕೊಳ್ಳಬಹುದು. ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ನೋಟೀಸು ಬಂದರೆ 15 ದಿನಗಳೊಳಗೆ ಹಣ ಸಲ್ಲಿಸಬೇಕಾಗುತ್ತದೆ, “ಹೋಟೆಲಿನವರು ತಡೆಹಿಡಿದಿದ್ದರು” ಎಂಬ ಸಮಜಾಯಿಷಿಯನ್ನು ಎದುರು ವ್ಯಾಪಾರಿ ಕೇಳಬೇಕೆಂದೇನೂ ಇಲ್ಲ. ಅಡತಿಯಲ್ಲಿ ಒಮ್ಮೆ “ಅವರ ಚೆಕ್ಕು ವಾಪಸ್ ಬಂತು” ಎಂದು ಮಾತು ಹಬ್ಬಿದರೆ ಮುಂದಿನ ಹಂಗಾಮಿನಲ್ಲಿ ಉದ್ದರಿ ಹುಟ್ಟುವುದು ಕಷ್ಟ.

ಲೆಕ್ಕ ಬರೆಯುವವರಿಗೂ ಇಲ್ಲಿ ಒಂದು ಮೋಸದ ಗುಂಡಿ ಇದೆ. ಸಾಮಾನ್ಯವಾಗಿ ಇಂತಹ ತಡೆ ಬ್ಯಾಂಕಿನ ಪಟ್ಟಿಯಲ್ಲಿ ನಮೂದಾಗುವುದೇ ಇಲ್ಲ. ಪಟ್ಟಿಯ ಶಿಲ್ಕು 50,000 ಎಂದೇ ತೋರಿಸುತ್ತದೆ, ಬಳಸಬಹುದಾದ ಶಿಲ್ಕು ಮಾತ್ರ ಬೇರೆ ಇರುತ್ತದೆ. ಆದ್ದರಿಂದ ತಿಂಗಳ ಕೊನೆಗೆ ನಮ್ಮ ಪುಸ್ತಕವನ್ನು ಬ್ಯಾಂಕ್ ಪಟ್ಟಿಗೆ ತಾಳೆ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಚೆಕ್ಕು ಏಕೆ ಮರಳಿತೆಂಬುದಕ್ಕೆ ಆ ತಾಳೆಯಲ್ಲಿ ಉತ್ತರ ಸಿಗುವುದಿಲ್ಲ. ಇನ್ನು ಕೆಲವು ಬ್ಯಾಂಕುಗಳು ಡೆಬಿಟ್ ಕಾರ್ಡಿನ ವಿಷಯದಲ್ಲಿ ತಡೆಯನ್ನೇ ಖರ್ಚಿನಂತೆ ನಮೂದಿಸಿ ಆಮೇಲೆ ಜಮಾ ಕೊಡುತ್ತವೆ. ಗುಮಾಸ್ತರು ಮೊಬೈಲಿಗೆ ಬಂದ ಸಂದೇಶವನ್ನು ನೋಡಿ 14,400ನ್ನೂ 10,000ನ್ನೂ ಪ್ರವಾಸ ವೆಚ್ಚಕ್ಕೆ ಬರೆದಿಟ್ಟ ಉದಾಹರಣೆಗಳಿವೆ. ಬಿಲ್ಲು ಇರುವುದು ಹತ್ತು ಸಾವಿರಕ್ಕೆ, ವೆಚ್ಚವೂ ಅಷ್ಟೇ. ಮಿಕ್ಕದ್ದನ್ನು ಬರಬೇಕಾದ ಬಾಕಿಯೆಂದು ಅಮಾನತು ಖಾತೆಯಲ್ಲಿ ತೋರಿಸಿ, ಜಮಾ ಬಂದ ದಿನ ತೆಗೆಯತಕ್ಕದ್ದು.

ತಡೆ ಉಳಿದಿದೆಯೇ ಎಂದು ಕಟ್ಟೆಯ ಮುಂದೆಯೇ ತಿಳಿಯಬಹುದು. ಕೊಠಡಿ ಪಡೆಯುವಾಗ ಯಂತ್ರದಿಂದ ಬಂದ ಚೀಟಿಯನ್ನು ಕೇಳಿ ಪಡೆದುಕೊಳ್ಳಬೇಕು. ಅದರ ಮೇಲೆ PRE-AUTH ಎಂದು ಮುದ್ರಿತವಾಗಿದ್ದು ಅನುಮೋದನೆ ಸಂಖ್ಯೆ ಇರುತ್ತದೆ. ಬಿಡುವಾಗ ಬಂದ ಚೀಟಿಯಲ್ಲಿಯೂ ಅದೇ ಸಂಖ್ಯೆ ಇದ್ದರೆ ಲೆಕ್ಕ ಮುಗಿಯಿತು. ಬರೀ SALE ಎಂದಿದ್ದು ಸಂಖ್ಯೆ ಬೇರೆಯಾಗಿದ್ದರೆ ಹಳೆಯ ತಡೆ ಹಾಗೆಯೇ ಇದೆ ಎಂದು ತಿಳಿದು, ಅಲ್ಲಿಯೇ ರದ್ದು ಮಾಡಿಸಿ ರದ್ದಾದ ಚೀಟಿಯನ್ನು ಪಡೆಯಬೇಕು. ಊರಿಗೆ ಬಂದ ಮೇಲೆ ಗೊತ್ತಾದರೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ದಿನಾಂಕ, ಮೊತ್ತ ಮತ್ತು ಅನುಮೋದನೆ ಸಂಖ್ಯೆಗಳನ್ನು ನಮೂದಿಸಿ “ಈ ತಡೆ ನಮಗೆ ಬೇಡ” ಎಂಬ ಪತ್ರವನ್ನು ಹೋಟೆಲಿನಿಂದ ಅದರ ಲೆಟರ್‌ಹೆಡ್‌ನಲ್ಲಿ ತರಿಸಿ ನಮ್ಮ ಬ್ಯಾಂಕಿಗೆ ಕೊಡಬೇಕು. ಆ ಪತ್ರವಿಲ್ಲದೆ ಬ್ಯಾಂಕಿನವರು ಹಿಂಜರಿಯುವುದು ಸಕಾರಣವೇ. ತಡೆ ಬಿಟ್ಟ ಮರುದಿನ ಹೋಟೆಲು ವಸೂಲಿಗೆ ಕಳುಹಿಸಿದರೆ ನಷ್ಟ ಅವರದಾಗುತ್ತದೆ.

ಪೆಟ್ರೋಲ್ ಬಂಕುಗಳ ಮಾತು ನಮ್ಮಲ್ಲಿ ಬೇರೆ. ಇಲ್ಲಿ ಹುಡುಗ ನಿಂತು ತುಂಬಿಸುತ್ತಾನೆ, ಮೊತ್ತ ಗೊತ್ತಾದ ಮೇಲೆಯೇ ಕಾರ್ಡು ಹಾಕುತ್ತಾನೆ, ಆದ್ದರಿಂದ ಮುಂಗಡ ತಡೆಯ ಪ್ರಶ್ನೆ ಏಳುವುದು ಅಪರೂಪ. ಅಮೆರಿಕದಲ್ಲಿ ಮಕ್ಕಳನ್ನು ನೋಡಲು ಹೋದವರಿಗೆ ಮಾತ್ರ ಅದರ ಅನುಭವವಾಗುತ್ತದೆ. ಅಲ್ಲಿ ಮೊದಲು ಕಾರ್ಡು ಹಾಕಿದರೆ ಮಾತ್ರ ಪಂಪು ತೆರೆಯುತ್ತದೆ, ಎಷ್ಟು ತುಂಬುತ್ತಾರೆಂದು ಗೊತ್ತಿಲ್ಲದ ಕಾರಣ ತಡೆ 175 ಡಾಲರ್‌ವರೆಗೂ ಬೀಳಬಹುದು. 2022ರಲ್ಲಿ ಈ ಮಿತಿಯನ್ನು 125ರಿಂದ ಏರಿಸಲಾಯಿತು. ನಲವತ್ತು ಡಾಲರಿನ ಇಂಧನಕ್ಕೆ ಇಷ್ಟು ಹಣ ಸಿಕ್ಕಿಹಾಕಿಕೊಳ್ಳುವುದನ್ನು ತಪ್ಪಿಸಲು ಒಳಗಿನ ಕಟ್ಟೆಯಲ್ಲಿ ಮೊದಲೇ ಮೊತ್ತ ಹೇಳಿ ಪಾವತಿಸುವುದು ಲೇಸು. ನಮ್ಮ ಬಂಕುಗಳಲ್ಲಿ ಆಗುವುದು ಇನ್ನೊಂದು ಬಗೆ: ಯಂತ್ರ ಚೀಟಿ ಕೊಡುವುದಿಲ್ಲ, ಆದರೆ ಖಾತೆಯಿಂದ ಹಣ ಹೋಗಿರುತ್ತದೆ. ಇದು ತಡೆಯಲ್ಲ, ವಿಫಲವಾದ ವಹಿವಾಟು. ಇದಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ ಗಡುವು ಹಾಕಿದೆ. ವಹಿವಾಟಿನ ದಿನದಿಂದ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕ ಕೇಳದೆಯೇ ಜಮಾ ಮಾಡಬೇಕು.

ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಆ ಸುತ್ತೋಲೆಯ ಪಟ್ಟಿ ವಿಫಲ ವಹಿವಾಟುಗಳಿಗೆ ಮಾತ್ರ. ಹೋಟೆಲಿನ ತಡೆ ವಿಫಲವಾದದ್ದಲ್ಲ, ಯಶಸ್ವಿಯಾಗಿ ಬಿದ್ದು, ಕೆಲಸ ಮುಗಿದ ಮೇಲೂ ಉಳಿದದ್ದು. ಹೀಗಾಗಿ ಐದು ದಿನವೂ ಇಲ್ಲ, ನೂರು ರೂಪಾಯಿಯೂ ಇಲ್ಲ. ಷೇರು ಮಾರುಕಟ್ಟೆಯತ್ತ ನೋಡಿದರೆ ಈ ಲೋಪ ಇನ್ನೂ ಎದ್ದು ಕಾಣುತ್ತದೆ. ಹೊಸ ಷೇರುಗಳಿಗೆ ಅರ್ಜಿ ಹಾಕಿದವರ ಖಾತೆಯಲ್ಲಿಯೂ ಹಣವನ್ನು ಹೀಗೆಯೇ ಕಟ್ಟಿಹಾಕುತ್ತಾರೆ. ಆದರೆ ಅಲ್ಲಿ ಬಿಡುಗಡೆ ತಡವಾದರೆ ದಿನಕ್ಕೆ 100 ರೂಪಾಯಿ ಅಥವಾ ಅರ್ಜಿಯ ಮೊತ್ತದ ಮೇಲೆ ವಾರ್ಷಿಕ ಶೇ. 15, ಇವುಗಳಲ್ಲಿ ಹೆಚ್ಚಿನದನ್ನು ಅರ್ಜಿದಾರನಿಗೆ ಕೊಡಬೇಕೆಂದು ಸೆಬಿ 2021ರ ಮಾರ್ಚಿನಲ್ಲಿ ವಿಧಿಸಿತು. ಹೂಡಿಕೆದಾರನ ಹಣಕ್ಕೆ ಇರುವ ಬೆಲೆ ಪ್ರವಾಸಿ ವರ್ತಕನ ಹಣಕ್ಕೆ ಏಕಿಲ್ಲ?

ತಡೆಹಿಡಿಯುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಬಿಲ್ಲು ಕೊಡದೆ ಹೋಗುವವರೂ ಇದ್ದಾರೆ, ಹೋಟೆಲಿನವರೂ ನಮ್ಮಂತೆಯೇ ವ್ಯಾಪಾರಸ್ಥರು. ಆದರೆ ಅಂತಿಮ ಬಿಲ್ಲು ಹರಿದ ದಿನವೇ ತಡೆಯನ್ನು ರದ್ದು ಮಾಡುವ ಹೊಣೆ ಹೋಟೆಲಿನದಾಗಬೇಕು, ಸೂಚನೆ ತಲುಪಿದ ಎರಡು ದಿನಗಳೊಳಗೆ ಬಿಡುವ ಹೊಣೆ ಬ್ಯಾಂಕಿನದಾಗಬೇಕು, ಮೀರಿದರೆ 2019ರ ಪಟ್ಟಿಯ ದರವೇ ಅನ್ವಯಿಸಬೇಕು. ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು. ನಮ್ಮ ಸಂಸ್ಥೆಯು ರಿಸರ್ವ್ ಬ್ಯಾಂಕಿಗೆ ಈ ಬಗ್ಗೆ ಮನವಿ ಕಳುಹಿಸುವುದಾದರೆ ಬರೀ ದೂರಿನಿಂದ ಪ್ರಯೋಜನವಿಲ್ಲ, ಎರಡೂ ಚೀಟಿಗಳ ನಕಲು ಬೇಕು. ಸದ್ಯಕ್ಕೆ ತಡೆ ಬಿಡದ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪುವಂತಹ ಉತ್ತರ ಸಿಗದಿದ್ದರೆ cms.rbi.org.in ತಾಣದಲ್ಲಿ ಒಂಬುಡ್ಸ್‌ಮನ್‌ರಿಗೆ ಅರ್ಜಿ ಹಾಕಬಹುದು. ಆದರೆ ಆ 30 ದಿನ ಮುಗಿಯುವಷ್ಟರಲ್ಲಿ ತಡೆಯ ಆಯುಷ್ಯವೂ ಸಾಮಾನ್ಯವಾಗಿ ಮುಗಿದಿರುತ್ತದೆ. ಅರ್ಜಿದಾರನ ಕೈಯಲ್ಲಿ ಆಗ ಉಳಿಯುವುದು ಮರಳಿದ ಚೆಕ್ಕು ಮತ್ತು ಅದರ ಶುಲ್ಕದ ಚೀಟಿ ಮಾತ್ರ.