ಪೇಜ್ ಸೇವ್ ಆಯ್ತು, ಫೋಟೋ ಎಲ್ಲಿ?

ನನ್ನ ಸೋದರತ್ತೆ ಹತ್ತು ವರ್ಷದ ಹಿಂದೆ ಒಂದು ಉಚಿತ ತಾಣದಲ್ಲಿ ತಮ್ಮ ಅಡುಗೆಗಳನ್ನು ಬರೆದಿಟ್ಟಿದ್ದರು. ಹಾಲುಬಾಯಿ ಮಾಡುವುದಕ್ಕೇ ಹದಿನಾಲ್ಕು ಫೋಟೋ. ಅಕ್ಕಿ, ಕಾಯಿ ರುಬ್ಬಿದ ಹಾಲು ಬೆಲ್ಲದ ಜೊತೆ ಎಷ್ಟು ಗಟ್ಟಿಯಾಗಬೇಕು, ಯಾವಾಗ ತಳ ಬಿಡುತ್ತದೆ ಅನ್ನೋದು ಓದಿದರೆ ತಿಳಿಯಲ್ಲ, ನೋಡಬೇಕು. ಆ ಫೋಟೋ ತೆಗೆದ ಫೋನ್ ಕೆಟ್ಟು ಎಷ್ಟೋ ಕಾಲವಾಯಿತು. ಕಳೆದ ತಿಂಗಳು ತಾಣದವರಿಂದ ಮೇಲ್ ಬಂತು: ತಿಂಗಳ ಕೊನೆಗೆ ಸೇವೆ ಬಂದ್.

ಅದೇನು ದೊಡ್ಡ ಕೆಲಸ ಅಂತ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಪುಟ ತೆರೆದು Ctrl+S ಒತ್ತಿದೆ. ಬಂದ ಫೈಲನ್ನು ಪುಣೆಯಲ್ಲಿರುವ ತಮ್ಮನಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಅವನ ಫೋನ್: "ಅಕ್ಕಾ, ಬರೀ ಅಕ್ಷರ ಇದೆ, ಫೋಟೋ ಎಲ್ಲೇ?"

ಆಗಿದ್ದು ಇಷ್ಟು. ವೆಬ್ ಪುಟ ಅನ್ನೋದು ಒಂದೇ ಫೈಲ್ ಅಲ್ಲ. HTML ಫೈಲಿನಲ್ಲಿ ಇರುವುದು ಬರಹ, ಜೊತೆಗೆ "ಇಲ್ಲಿ ಇಂಥ ಚಿತ್ರ ತಂದು ಹಾಕು" ಅನ್ನೋ ವಿಳಾಸ. ಬಣ್ಣ, ಅಕ್ಷರದ ಗಾತ್ರ, ಅಂಚು ಇವೆಲ್ಲ ಸಾಮಾನ್ಯವಾಗಿ CSS ಅನ್ನೋ ಬೇರೆ ಫೈಲಿನಲ್ಲಿರುತ್ತವೆ. ಕ್ರೋಮ್‌ನ Webpage, Complete ಆಯ್ಕೆ ಇವನ್ನೆಲ್ಲ ಇಳಿಸಿಕೊಳ್ಳುತ್ತದೆ, ಆದರೆ ಪಕ್ಕದಲ್ಲೇ _files ಎಂದು ಕೊನೆಯಾಗುವ ಒಂದು ಫೋಲ್ಡರ್ ಮಾಡಿ ಅದರೊಳಗೆ ಇಡುತ್ತದೆ. ನಾನು ಕಳಿಸಿದ್ದು HTML ಮಾತ್ರ. ಫೋಲ್ಡರ್ ನನ್ನ ಹತ್ತಿರವೇ ಉಳಿದಿತ್ತು!

ಸರಿ, ಎಲ್ಲ ಒಂದೇ ಫೈಲಿಗೆ ಸೇರಿಸೋಣ ಅಂತ ಅದೇ ಪಟ್ಟಿಯಲ್ಲಿ Webpage, Single File ಆರಿಸಿದೆ. ಇದು ಎಲ್ಲವನ್ನೂ ಒಂದು .mhtml ಫೈಲಿನಲ್ಲಿ ಕಟ್ಟಿಡುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿದರೆ ಮೇಲೆ ಕಾಣುವ ಕೆಳಮುಖ ಬಾಣ ಮಾಡುವುದೂ ಇದನ್ನೇ. ನಮ್ಮ ಸ್ವಂತ ಓದಿಗೆ, ಮೆಟ್ರೋದಲ್ಲೋ ಊರಿನ ಬಸ್ಸಲ್ಲೋ, ಇದು ಧಾರಾಳ ಸಾಕು. ಆದರೆ ತಮ್ಮ ಬಳಸೋದು ಫೈರ್‌ಫಾಕ್ಸ್, ಅದು .mhtml ಅನ್ನು ತಾನಾಗಿ ತೆರೆಯಲ್ಲ.

ಕೊನೆಗೆ ಕೈ ಹಿಡಿದಿದ್ದು SingleFile ಅನ್ನೋ ಉಚಿತ ಎಕ್ಸ್‌ಟೆನ್ಷನ್. ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಇದೆ, ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲೂ ಹಾಕಿಕೊಳ್ಳಬಹುದು. ಇದು ಚಿತ್ರಗಳನ್ನೇ ಅಕ್ಷರಗಳ ಸಾಲಾಗಿ ಬದಲಿಸಿ HTML ಒಳಗೇ ಹೊಲಿದುಬಿಡುತ್ತದೆ. ಹಾಗೆ ಬದಲಿಸುವಾಗ ಚಿತ್ರದ ತೂಕ ಸುಮಾರು ಮೂರನೇ ಒಂದು ಭಾಗ ಹೆಚ್ಚುತ್ತದೆ, ಆದರೆ ಬಂದ ಫೈಲ್ ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತದೆ.

ಇಲ್ಲೂ ಒಂದು ಎಡವಟ್ಟಾಯಿತು. ಕೆಲವು ಪುಟಗಳು ನಾವು ಕೆಳಗೆ ಸ್ಕ್ರೋಲ್ ಮಾಡಿದಾಗ ಮಾತ್ರ ಆಯಾ ಚಿತ್ರವನ್ನು ತರಿಸುತ್ತವೆ. ಡೇಟಾ ಉಳಿಸುವ ಉಪಾಯ ಅದು. ತೆರೆದ ತಕ್ಷಣ ಸೇವ್ ಮಾಡಿದ್ದಕ್ಕೆ ಒಂಬತ್ತನೇ ಫೋಟೋದಿಂದ ಆಚೆ ಬರೀ ಬೂದು ಚೌಕ. ಅಂದರೆ ತಳ ಬಿಡುವ ಹದವೇ ಮಾಯ! ಈಗ ಮೊದಲು ಪುಟದ ಕೊನೆಯವರೆಗೆ ನಿಧಾನವಾಗಿ ಇಳಿದು, ಎಲ್ಲ ಚಿತ್ರ ಸ್ಪಷ್ಟವಾಗಿ ಮೂಡಿದ ಮೇಲೇ ಸೇವ್ ಒತ್ತುತ್ತೇನೆ. "ಮುಂದೆ ಓದಿ" ಅಂತ ಮಡಚಿಟ್ಟ ಭಾಗಗಳಿದ್ದರೆ ಅವನ್ನೂ ಮೊದಲೇ ಬಿಡಿಸಿಕೊಳ್ಳಿ.

ಒಂದು ಮಿತಿ ನೆನಪಿರಲಿ. ಸೇವ್ ಆಗೋದು ಪರದೆಯ ಮೇಲೆ ಇರುವುದು ಮಾತ್ರ. ಫೋಟೋ ಮೇಲೆ ಒತ್ತಿದರೆ ತೆರೆಯುವ ದೊಡ್ಡ ಪ್ರತಿ ಇದರಲ್ಲಿ ಬರಲ್ಲ. ಅತ್ತೆಯ ಹದಿನಾಲ್ಕನ್ನೂ ಒಂದೊಂದಾಗಿ ತೆರೆದು ಬೇರೆಯಾಗಿ ಇಳಿಸಿಕೊಂಡೆ. ಬೇರೆ ಕಡೆಯಿಂದ ತಂದು ಅಂಟಿಸಿದ ವಿಡಿಯೋ ಕೂಡ ಹಾಗೇ, ಅದನ್ನು ನಂಬಿ ಕೂರಬೇಡಿ.

ಇನ್ನು ಪರೀಕ್ಷೆ. ಸೇವ್ ಮಾಡಿದ ಫೋನಲ್ಲೇ ತೆರೆದು ನೋಡಿದರೆ ಮೋಸ ಹೋಗಬಹುದು. ಬ್ರೌಸರ್ ಮೊದಲೇ ಕ್ಯಾಶ್‌ನಲ್ಲಿ ಇಟ್ಟುಕೊಂಡ ಚಿತ್ರವನ್ನೇ ತೋರಿಸಿಬಿಡಬಹುದು. ಆ ಪುಟವನ್ನು ಎಂದೂ ತೆರೆಯದ ಇನ್ನೊಂದು ಫೋನಿಗೆ ಫೈಲ್ ಕಳಿಸಿ, ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕೊನೆಯವರೆಗೆ ಇಳಿದು ನೋಡಿ. ಗಾತ್ರವೂ ಸುಳಿವು ಕೊಡುತ್ತದೆ. ಹದಿನಾಲ್ಕು ಫೋಟೋ ಇರುವ ಪುಟ 60 ಕೆಬಿಯಲ್ಲಿ ಮುಗಿದಿದ್ದರೆ ಒಳಗೆ ಫೋಟೋ ಇಲ್ಲ ಅಂತಲೇ ಲೆಕ್ಕ.

ನಾನು ಪರೀಕ್ಷೆ ಮಾಡಿದ್ದು ಅತ್ತೆಯ ಫೋನಲ್ಲೇ. ನೆಟ್ ಆಫ್ ಮಾಡಿ ಕೈಗೆ ಕೊಟ್ಟೆ. ಮೆಲ್ಲಗೆ ಇಳಿಸುತ್ತಾ ಹೋಗಿ ಹನ್ನೆರಡನೇ ಫೋಟೋದಲ್ಲಿ ನಿಂತರು. "ಹ್ಞಾಂ, ಇದೇ ಕಣೇ ಹದ. ಈಗ ಒಲೆ ಆರಿಸ್ಬೇಕು" ಅಂದರು.

ತಾಣ ಮುಚ್ಚೋಕೆ ಇನ್ನೂ ನಾಲ್ಕು ದಿನ ಇತ್ತು. ಉಳಿದ ಮೂವತ್ತೊಂದು ಅಡುಗೆಗಳನ್ನು ಅಷ್ಟರಲ್ಲಿ ಇಳಿಸಿ ಮುಗಿಸಿದೆ.