ಕಾಲಂ ಕತ್ತರಿಸಿ, ಕೋಷ್ಟಕ ಕತ್ತರಿಸಬೇಡಿ

ಮಾಕಳಿಯಿಂದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ದೂರವಿಲ್ಲ. ಆದರೆ ವಿಜ್ಞಾನಿಗಳು ಬರೆದ ಪ್ರಬಂಧ ವಾಟ್ಸಾಪಿನಲ್ಲಿ ಬಂದರೆ ಓದುವುದೇ ಕಷ್ಟ. ಇಂಥ ಪ್ರಬಂಧಗಳು ಸಾಮಾನ್ಯವಾಗಿ ಎ4 ಪುಟದಲ್ಲಿ ಎರಡು ಕಾಲಂ ಆಗಿ ಇರುತ್ತವೆ. ಆ ಪುಟದ ಅಗಲ 210 ಮಿ.ಮೀ., ನಮ್ಮ ಫೋನಿನ ಪರದೆ ಸುಮಾರು 68 ಮಿ.ಮೀ. ಅಕ್ಷರ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ದೊಡ್ಡದು ಮಾಡಿದರೆ ಪ್ರತಿ ಕಾಲಂ ಮುಗಿದಾಗಲೂ ಮೇಲಕ್ಕೆ ಎಳೆದು ಹುಡುಕಬೇಕು. ಒಂದೇ ಕಾಲಂ ಪರದೆಯ ತುಂಬ ಬಂದರೆ 10 ಪಾಯಿಂಟ್ ಅಕ್ಷರ 8 ಪಾಯಿಂಟ್‌ನಷ್ಟು ಕಾಣುತ್ತದೆ. ಅದು ಓದಲು ಸಾಕು.

ಕೆಲವರು ಅಕ್ಷರಗಳನ್ನು ಕಾಪಿ ಮಾಡಿ ಮೆಸೇಜಿಗೆ ಅಂಟಿಸಿ ಕಳಿಸುತ್ತಾರೆ. ಇದು ಬೇಡ ಎನ್ನುವುದು ನನ್ನ ವಾದ. ಟ್ರೈಕೋಡರ್ಮಾ ಪುಡಿಯ ಒಂದು ಗ್ರಾಂನಲ್ಲಿ 10⁸, ಅಂದರೆ ಹತ್ತು ಕೋಟಿ ಜೀವಕಣ ಇರಬೇಕು ಎಂದು ಪ್ರಬಂಧ ಹೇಳಿದ್ದರೆ, ಕಾಪಿ ಮಾಡುವಾಗ ಮೇಲಿನ ಪುಟ್ಟ 8 ಕೆಳಗಿಳಿದು 108 ಆಗಬಹುದು. ಓದುವವರಿಗೆ ಅನುಮಾನವೂ ಬರುವುದಿಲ್ಲ. ಪುಟವನ್ನೇ ಕಾಲಂ ಗೆರೆಯಲ್ಲಿ ಕತ್ತರಿಸಿದರೆ ಅಚ್ಚಾದದ್ದು ಅಚ್ಚಾದಂತೆಯೇ ಉಳಿಯುತ್ತದೆ.

ಇದಕ್ಕೆ k2pdfopt ಎಂಬ ಉಚಿತ ತಂತ್ರಾಂಶ ಇದೆ. ಕಂಪ್ಯೂಟರಿನಲ್ಲಿ ಈ ಒಂದು ಸಾಲು ಸಾಕು:

```
k2pdfopt -ui- -x -mode 2col -o kaalam.pdf paper.pdf
```

ಅದು ಎರಡು ಕಾಲಂ ನಡುವಿನ ಖಾಲಿ ಪಟ್ಟಿಯನ್ನು ಹುಡುಕಿ, ಮೊದಲು ಎಡ, ನಂತರ ಬಲ ಎಂದು ಜೋಡಿಸುತ್ತದೆ.

ತೊಂದರೆ ಬರುವುದು ಕೋಷ್ಟಕದಲ್ಲಿ. ನಾಲ್ಕು ಪುಟದ ಪ್ರಬಂಧದ ಮೂರನೇ ಪುಟದಲ್ಲಿ ಪೂರ್ತಿ ಅಗಲದ ಕೋಷ್ಟಕ ಇದೆ ಎಂದುಕೊಳ್ಳಿ. ಎಡಕ್ಕೆ T1ರಿಂದ T8ರವರೆಗಿನ ಉಪಚಾರಗಳು, ಬಲಕ್ಕೆ ಇಳುವರಿ, ನಡುವೆ ಅಗಲವಾದ ಖಾಲಿ ಜಾಗ. ತಂತ್ರಾಂಶ ಆ ಜಾಗವನ್ನೂ ಕಾಲಂ ಗೆರೆ ಎಂದು ತಿಳಿಯಬಹುದು. ಆಗ ಉಪಚಾರಗಳ ಪಟ್ಟಿ ಮೊದಲು ಬಂದು, ಇಳುವರಿಯ ಅಂಕಿಗಳು ಮುಂದೆಲ್ಲೋ ಒಂಟಿಯಾಗಿ ಬರುತ್ತವೆ. T5ರ ಇಳುವರಿಯನ್ನು T4ರದೆಂದು ಓದಿದರೆ ರೈತ ತಪ್ಪು ಗೊಬ್ಬರಕ್ಕೆ ದುಡ್ಡು ಹಾಕುತ್ತಾನೆ. ಹೆಸರಿದ್ದು ಅಂಕಿ ಇಲ್ಲ, ಅಂಕಿ ಇದ್ದು ಹೆಸರಿಲ್ಲ ಅನ್ನಿಸಿದರೆ ಕೋಷ್ಟಕ ಸೀಳಿದೆ ಎಂದೇ ಅರ್ಥ. ಆ ಪುಟವನ್ನು ಕತ್ತರಿಸದೆ ಬೇರೆಯಾಗಿ ತೆಗೆಯಿರಿ:

```
k2pdfopt -ui- -x -mode fw -p 3 -o table.pdf paper.pdf
```

ಪುಟ ಅಡ್ಡಲಾಗಿ ಬರುತ್ತದೆ. ಪರದೆ ತಿರುಗದಂತೆ ಲಾಕ್ ಮಾಡಿ, ಫೋನ್ ಅಡ್ಡ ಹಿಡಿದು ಓದಿ.

ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ KOReader ಹಾಕಿಕೊಂಡು ಅದರ ರಿಫ್ಲೋ ಬಳಸಬಹುದು. ಕೋಷ್ಟಕ ಬಂದಾಗ ಅದನ್ನು ಆಫ್ ಮಾಡಿ.

ಊರಿನ ಗುಂಪಿಗೆ ಕತ್ತರಿಸಿದ್ದನ್ನು ಕಳಿಸುವವರು ಮೂಲ ಪಿಡಿಎಫ್ ಅನ್ನೂ ಜೊತೆಗೇ ಕಳಿಸಬೇಕು. ಓದಲು ಸಣ್ಣದು ಇರಲಿ, ಔಷಧಿ ಅಳೆಯುವ ಮುನ್ನ ಒಮ್ಮೆ ಮೂಲವನ್ನು ತೆರೆದು ಅಂಕಿ ನೋಡಿ.