ನೋ ಕಾಸ್ಟ್ ಇಎಂಐ: ಬಡ್ಡಿ ಕಟ್ಟುವವರು ಯಾರು?

ಶೂನ್ಯ ಬಡ್ಡಿ ಎಂಬ ಮಾತು ಕೋಲಾರ ಜಿಲ್ಲೆಗೆ ಹೊಸದಲ್ಲ. ಕೋಲಾರ–ಚಿಕ್ಕಬಳ್ಳಾಪುರ ಡಿಸಿಸಿ ಬ್ಯಾಂಕಿನಿಂದ ಮಹಿಳಾ ಸ್ವಸಹಾಯ ಸಂಘಗಳು ಇಂಥ ಸಾಲ ಪಡೆದಿವೆ. ಅಲ್ಲಿ ಬಡ್ಡಿ ಇಲ್ಲವೆಂದಲ್ಲ. ಸಂಘದವರು ಕಟ್ಟಬೇಕಾದ ಬಡ್ಡಿಯನ್ನು ರಾಜ್ಯ ಸರ್ಕಾರ ಬ್ಯಾಂಕಿಗೆ ತುಂಬಿಕೊಡುತ್ತದೆ, ಅಷ್ಟೆ. ಸಾಲ ಕೊಟ್ಟವನಿಗೆ ಬಡ್ಡಿ ಯಾವ ಕಡೆಯಿಂದಾದರೂ ಬರಲೇಬೇಕು. ಹಾಗಿದ್ದರೆ ಮಾಲೂರು, ಮುಳಬಾಗಿಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದಿನ ಫ್ಲೆಕ್ಸ್‌ನಲ್ಲಿ 'ನೋ ಕಾಸ್ಟ್ ಇಎಂಐ' ಎಂದಿರುವಾಗ ಆ ಬಡ್ಡಿಯನ್ನು ತುಂಬಿಕೊಡುವ ಪುಣ್ಯಾತ್ಮ ಯಾರು? ಫ್ರಿಡ್ಜೋ ಮೊಬೈಲೋ ಬೇಕಾದವರು ಈ ಕಂತಿನಲ್ಲಿ ಕೊಳ್ಳಬಹುದೇ ಬೇಡವೇ ಎಂಬುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಪರ

ಕೊಳ್ಳಬಹುದು ಎನ್ನುವವರಲ್ಲಿ ವಿಷಯ ಬಲ್ಲವರು ಅಂಗಡಿಯವರು. ಅವರ ವಾದ ಹೀಗೆ ಸಾಗುತ್ತದೆ: ಹೊಸ ಮಾಡೆಲ್ ಓಡಲಿ ಎಂದು ಕಂಪನಿಯೇ ಫೈನಾನ್ಸಿನವರಿಗೆ ಬಡ್ಡಿ ಕಟ್ಟುತ್ತದೆ. ಇದಕ್ಕೆ ಸಬ್‌ವೆನ್ಷನ್ ಎನ್ನುತ್ತಾರೆ. ಆ ದುಡ್ಡು ಜಾಹೀರಾತಿನ ಖರ್ಚಿನ ಹಾಗೆ ಕಂಪನಿಯ ಲೆಕ್ಕದಲ್ಲಿ ಹೋಗುತ್ತದೆ. ಗಿರಾಕಿ ನಗದು ತಂದರೂ ಅದು ಅವನಿಗೆ ಸಿಗುವುದಿಲ್ಲ. ಹಾಗಿರುವಾಗ ಕಂತಿನಲ್ಲಿ ಕೊಂಡವನಿಗೆ ನಷ್ಟವೇನು?

ಈ ವಾದವನ್ನು ತಳ್ಳಿಹಾಕುವಂತಿಲ್ಲ. ಒಂದು ಮೊಬೈಲ್ ತೆಗೆದುಕೊಳ್ಳೋಣ. ಎಲ್ಲ ಕಡೆಯೂ ಬೆಲೆ 24,000 ರೂಪಾಯಿ, ನಗದು ಕೊಟ್ಟರೂ ಒಂದು ರೂಪಾಯಿ ಇಳಿಯುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಆರು ತಿಂಗಳ ನೋ ಕಾಸ್ಟ್ ಇಎಂಐ, ತಿಂಗಳಿಗೆ 4,000. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 15 ಇದ್ದರೆ ಒಳಗೆ ನಡೆಯುವುದು ಇಷ್ಟು: ಬಿಲ್ಲಿನಲ್ಲಿ ಮೊದಲೇ ಸುಮಾರು 1,016 ರೂಪಾಯಿ ರಿಯಾಯಿತಿ ಕೊಟ್ಟು ಬೆಲೆಯನ್ನು 22,984ಕ್ಕೆ ಇಳಿಸುತ್ತಾರೆ, ಆ ಮೊತ್ತಕ್ಕೆ ಬ್ಯಾಂಕು ಆರು ತಿಂಗಳಲ್ಲಿ ಅದೇ 1,016 ರೂಪಾಯಿಯನ್ನು ಬಡ್ಡಿಯೆಂದು ವಸೂಲು ಮಾಡುತ್ತದೆ. ಹೋದದ್ದು ಬಂದದ್ದು ಸರಿಹೋಯಿತು. ಉಳಿಯುವುದು ಕಾರ್ಡಿನ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅಂದರೆ 183 ರೂಪಾಯಿ. ಪ್ರೊಸೆಸಿಂಗ್ ಫೀ 199 ಇದ್ದರೆ ಜಿಎಸ್‌ಟಿ ಸೇರಿ 235. ಒಟ್ಟು 418 ರೂಪಾಯಿ ಹೆಚ್ಚು. 'ನೋ ಕಾಸ್ಟ್' ಎಂಬ ಮಾತು ಇಲ್ಲಿಯೂ ಪೂರ್ತಿ ನಿಜವಲ್ಲ, ಆದರೆ ಇಷ್ಟು ಅಗ್ಗದ ಕೈಸಾಲ ಊರಲ್ಲಿ ಯಾರೂ ಕೊಡುವುದಿಲ್ಲ ಎಂಬುದೂ ನಿಜ.

ಪರದ ಇನ್ನೊಂದು ಮಾತು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲೋ ನರಸಾಪುರದಲ್ಲೋ ತಿಂಗಳ ಸಂಬಳಕ್ಕೆ ದುಡಿಯುವ ಹುಡುಗರದ್ದು. 'ಒಟ್ಟಿಗೆ ಮೂವತ್ತು ಸಾವಿರ ಎಲ್ಲಿಂದ ತರೋಣ? ಕಂತಾದರೆ ಸಂಬಳದಲ್ಲಿ ಕಟ್ ಆಗುತ್ತೆ, ಸಿಬಿಲ್ ಸ್ಕೋರೂ ಏರುತ್ತೆ' ಎನ್ನುತ್ತಾರೆ. ಇದು ಅರ್ಧ ಸರಿ. ತಿಂಗಳಿಗೊಮ್ಮೆ ಖಚಿತವಾಗಿ ದುಡ್ಡು ಬರುವವರಿಗೆ ಕಂತು ಹೊಂದುತ್ತದೆ, ತಪ್ಪದೆ ಕಟ್ಟಿದರೆ ಸಾಲದ ಚರಿತ್ರೆಯೂ ಚೆನ್ನಾಗಿರುತ್ತದೆ. ಆದರೆ ಕಟ್ಟಲು ಅನುಕೂಲವೇ ಎಂಬುದು ಒಂದು ಪ್ರಶ್ನೆ, ಎಷ್ಟು ಕಟ್ಟುತ್ತಿದ್ದೇವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂದಾಕ್ಷಣ ಎರಡನೆಯದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ.

ವಿರೋಧ

ವಿರೋಧದ ವಾದ ಶುರುವಾಗುವುದು ಅಂಗಡಿಯವರು ಹೇಳದೆ ಬಿಟ್ಟ ಕಡೆಯಿಂದ. ಸಬ್‌ವೆನ್ಷನ್ ಯಾವಾಗಲೂ ಕಂಪನಿಯೇ ಕಟ್ಟುವುದಿಲ್ಲ. ಬಹಳ ಸಲ ಅದು ಅಂಗಡಿಯ ಲಾಭದಲ್ಲಿ ಮುರಿದುಕೊಳ್ಳುತ್ತದೆ: ಗಿರಾಕಿಯ ಹೆಸರಲ್ಲಿ 24,000 ಸಾಲ ಬರೆದ ಫೈನಾನ್ಸ್ ಕಂಪನಿ ತನ್ನ ಪಾಲು ಹಿಡಿದುಕೊಂಡು ಅಂಗಡಿಗೆ ಅದಕ್ಕಿಂತ ಕಡಿಮೆ ಕೊಡುತ್ತದೆ. ಅಂಗಡಿಯವರು ಆ ಕೊರತೆಯನ್ನು ಎಲ್ಲಿ ತುಂಬಿಕೊಳ್ಳುತ್ತಾರೆ? ನಗದು ಗಿರಾಕಿಗೆ ಬಿಡುತ್ತಿದ್ದ ರಿಯಾಯಿತಿಯಲ್ಲಿ. ಇದರಲ್ಲಿ ಅಂಗಡಿಯವರದ್ದು ಮೋಸವೇನಿಲ್ಲ, ಅವರೂ ವ್ಯಾಪಾರ ಮಾಡಬೇಕು. ತಕರಾರು ಇರುವುದು ಫ್ಲೆಕ್ಸಿನ ಮೇಲಿನ ಮಾತಿನ ಬಗ್ಗೆ.

ಒಂದು ಫ್ರಿಡ್ಜಿನ ಲೆಕ್ಕ ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಂತಿನ ಬೆಲೆ 30,000 ರೂಪಾಯಿ, ತಿಂಗಳಿಗೆ 3,000ದಂತೆ ಹತ್ತು ಕಂತು, ಅದರಲ್ಲಿ ಎರಡು ಮುಂಗಡ ಎಂದಿಟ್ಟುಕೊಳ್ಳಿ. ಅಂದರೆ ಕೊಳ್ಳುವ ದಿನ 6,000 ಕಟ್ಟಿ, ಉಳಿದ 24,000ವನ್ನು ಎಂಟು ತಿಂಗಳು ಕಟ್ಟಬೇಕು. ಹತ್ತು ಮೂರಲಿ ಮೂವತ್ತು, ಬಡ್ಡಿ ಎಲ್ಲೂ ಕಾಣುವುದಿಲ್ಲ. ಜೊತೆಗೆ ಫೈಲ್ ಚಾರ್ಜ್ 500, ಜಿಎಸ್‌ಟಿ ಸೇರಿ 590. ಅದೇ ಫ್ರಿಡ್ಜಿಗೆ ಪೂರ್ತಿ ನಗದು ಕೊಡುತ್ತೇನೆಂದರೆ ಅದೇ ಅಂಗಡಿ 28,000ಕ್ಕೆ ಬಿಡುತ್ತದೆ ಎನ್ನೋಣ.

ಈಗ ಫ್ರಿಡ್ಜಿನ ನಿಜವಾದ ಬೆಲೆ 28,000, ಏಕೆಂದರೆ ಕೈಯಲ್ಲಿ ದುಡ್ಡಿದ್ದರೆ ಅದು ನಮ್ಮದಾಗುವುದು ಅಷ್ಟಕ್ಕೆ. ಕಂತಿನವನು ಕೊನೆಗೆ ಕೊಡುವುದು 30,590. ವ್ಯತ್ಯಾಸ 2,590 ರೂಪಾಯಿ. ಬಡ್ಡಿ ಎಂದು ಯಾವ ಕಾಗದದಲ್ಲೂ ಬರೆಯದ ಬಡ್ಡಿ ಇದು. ಸಾಲವೂ 24,000 ಅಲ್ಲ. 28,000ದ ವಸ್ತುವಿಗೆ ಮೊದಲ ದಿನವೇ 6,590 ಕೈಬಿಟ್ಟಿರುವುದರಿಂದ ನಿಜವಾಗಿ ಸಿಕ್ಕ ಸಾಲ 21,410 ಮಾತ್ರ. ಆ ಸಾಲವೂ ಎಂಟು ತಿಂಗಳು ಪೂರ್ತಿ ನಮ್ಮ ಹತ್ತಿರ ಇರುವುದಿಲ್ಲ, ಪ್ರತಿ ಕಂತಿಗೂ ಕರಗುತ್ತ ಹೋಗುತ್ತದೆ. ಕಂತುಗಳ ಸಂಖ್ಯೆಗೆ ಒಂದು ಕೂಡಿಸಿ ಅರ್ಧ ಮಾಡಿದರೆ ಸರಾಸರಿ ಎಷ್ಟು ತಿಂಗಳು ಇತ್ತೆಂದು ತಿಳಿಯುತ್ತದೆ: ಎಂಟಕ್ಕೆ ಒಂದು ಸೇರಿಸಿ ಒಂಬತ್ತು, ಅದರ ಅರ್ಧ ನಾಲ್ಕೂವರೆ. 21,410 ರೂಪಾಯಿಗೆ ನಾಲ್ಕೂವರೆ ತಿಂಗಳಿಗೆ 2,590 ಎಂದರೆ ನೂರಕ್ಕೆ ತಿಂಗಳಿಗೆ ಸುಮಾರು ಎರಡು ಮುಕ್ಕಾಲು ರೂಪಾಯಿ. ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ಹಾಕಿದರೆ ವರ್ಷಕ್ಕೆ ಶೇ 31 ಬರುತ್ತದೆ, ಈ ಕೈಲೆಕ್ಕ ಒಂದು ಶೇಕಡಾ ಹೆಚ್ಚು ತೋರಿಸುತ್ತದೆ, ಬೇಸಾಯದ ಮನೆಯ ಲೆಕ್ಕಕ್ಕೆ ಅಷ್ಟು ಸಾಕು. ಹಳ್ಳಿಯಲ್ಲಿ ಯಾರಾದರೂ ಎರಡು ಮುಕ್ಕಾಲು ರೂಪಾಯಿ ಬಡ್ಡಿಗೆ ಸಾಲ ತಂದನೆಂದರೆ ಮನೆಯವರು ಬಾಯಿ ಮಾಡುತ್ತಾರೆ. ಅದೇ ಬಡ್ಡಿ ರಿಯಾಯಿತಿಯ ಒಳಗೆ ಅಡಗಿ ಬಂದರೆ ಯಾರೂ ಮಾತಾಡುವುದಿಲ್ಲ.

'ಫೈನಾನ್ಸಿನವರು ಕಾಗದ ಕೊಡುತ್ತಾರಲ್ಲ, ಅದರಲ್ಲಿ ಎಲ್ಲ ಇರುತ್ತದೆ' ಎಂಬುದು ಇದಕ್ಕೆ ಬರುವ ಆಕ್ಷೇಪ. ರಿಸರ್ವ್ ಬ್ಯಾಂಕ್ ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ ಎಂಬುದು ಸರಿ. 2013ರ ಸೆಪ್ಟೆಂಬರಿನಲ್ಲೇ ಅದು ಶೂನ್ಯ ಬಡ್ಡಿ ಎಂಬುದೇ ಇಲ್ಲ, ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಮರೆಮಾಚಿ ಪ್ರೊಸೆಸಿಂಗ್ ಫೀ ರೂಪದಲ್ಲಿ ಗ್ರಾಹಕನ ಮೇಲೆ ಹಾಕಲಾಗುತ್ತಿದೆ ಎಂದು ಬ್ಯಾಂಕುಗಳನ್ನು ಎಚ್ಚರಿಸಿತು. 2022ರ ಕ್ರೆಡಿಟ್ ಕಾರ್ಡ್ ನಿಯಮಗಳಲ್ಲಿ ಅಸಲು, ಬಡ್ಡಿ, ಮುಂಗಡ ರಿಯಾಯಿತಿ ಮೂರನ್ನೂ ಬೇರೆಬೇರೆ ತೋರಿಸಬೇಕು, ಬಡ್ಡಿ ಇರುವ ಕಂತನ್ನು ನೋ ಕಾಸ್ಟ್ ಎಂದು ಬಿಂಬಿಸಬಾರದು ಎಂದಿತು. 2024ರ ಅಕ್ಟೋಬರಿನಿಂದ ಚಿಲ್ಲರೆ ಅವಧಿ ಸಾಲಗಳಿಗೆ ಮುಖ್ಯಾಂಶಗಳ ಪತ್ರ ಕೊಡಬೇಕು, ಅದರಲ್ಲಿ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಇರಬೇಕು.

ಆದರೆ ಈ ಪತ್ರದ ಕಣ್ಣು ಅಂಗಡಿಯ ಬಾಗಿಲು ದಾಟಿ ಒಳಗೆ ಹೋಗುವುದಿಲ್ಲ. ಅದು ಸಾಲ ಕೊಟ್ಟವನ ಲೆಕ್ಕ. ನಮ್ಮ ಫ್ರಿಡ್ಜಿನ ಸಾಲವನ್ನು 24,000 ಎಂದೇ ಹಿಡಿದು 590 ಫೈಲ್ ಚಾರ್ಜ್ ಸೇರಿಸಿದರೆ ಬರುವ ದರ ಶೇ 7ಕ್ಕಿಂತ ಕಡಿಮೆ. ಅಂಗಡಿಯವರು ನಗದಿಗೆ ಬಿಡುತ್ತಿದ್ದ 2,000 ರೂಪಾಯಿ ಫೈನಾನ್ಸ್ ಕಂಪನಿಗೆ ಗೊತ್ತಿರುವ ಸಂಗತಿಯೂ ಅಲ್ಲ, ಅದನ್ನು ಪತ್ರದಲ್ಲಿ ಬರೆಯುವ ಹೊಣೆಯೂ ಅದಕ್ಕಿಲ್ಲ. ಶೇ 7 ಎಂದು ಬರೆದ ಕಾಗದವೂ ಸುಳ್ಳಲ್ಲ, ಶೇ 31 ಎಂಬ ನಮ್ಮ ಲೆಕ್ಕವೂ ಸುಳ್ಳಲ್ಲ. ನಡುವಿನ ಅಂತರ ಕಳೆದುಹೋದ ರಿಯಾಯಿತಿಯದ್ದು, ಅದನ್ನು ಕಂಡುಹಿಡಿಯಬೇಕಾದವನು ಗಿರಾಕಿಯೇ.

ಶ್ರೀನಿವಾಸಪುರದ ಮಾವಿನ ತೋಟದವರನ್ನು ಈ ಚರ್ಚೆಗೆ ಕರೆದರೆ ಅವರ ಪ್ರಶ್ನೆಯೇ ಬೇರೆ: 'ಕಾಯಿ ಮಾರಿದ ಮೇಲೆ ಒಟ್ಟಿಗೆ ಕಟ್ಟಿಬಿಡ್ತೀನಿ, ಆಗ ಬಡ್ಡಿ ಉಳಿಯುತ್ತೆ ತಾನೆ?' ನೋ ಕಾಸ್ಟ್ ಕಂತಿನಲ್ಲಿ ಬಡ್ಡಿಯನ್ನು ಕೈಬಿಟ್ಟ ರಿಯಾಯಿತಿಯ ಮೂಲಕ ಮೊದಲ ದಿನವೇ ಕೊಟ್ಟಾಗಿರುತ್ತದೆ. ಬೇಗ ತೀರಿಸಿದರೆ ಅದು ವಾಪಸು ಬರುವುದು ಕಡಿಮೆ, ಕೆಲವು ಕಡೆ ಮುಂಚೆ ತೀರಿಸಿದ್ದಕ್ಕೇ ಶುಲ್ಕವಿದೆ. ಅವರು ಕೇಳಿದ್ದು ಬಡ್ಡಿಯ ಪ್ರಶ್ನೆ, ಅವರ ನಿಜವಾದ ತೊಂದರೆ ತಾರೀಖಿನದ್ದು. ಮಾವಿನ ದುಡ್ಡು ವರ್ಷಕ್ಕೊಮ್ಮೆ, ಟೊಮೆಟೊ ದುಡ್ಡು ಮಂಡಿಯ ರೇಟಿನಂತೆ, ಖಚಿತವೆನ್ನಬಹುದಾದದ್ದು ಡೇರಿಯ ಹಾಲಿನ ಬಟವಾಡೆ ಒಂದೇ. ಕಂತು ಮಾತ್ರ ತಿಂಗಳ ಮೊದಲ ವಾರದಲ್ಲಿ ಖಾತೆಗೆ ಕೈಹಾಕುತ್ತದೆ. ಒಂದು ಸಲ ಬೌನ್ಸ್ ಆದರೆ ಫೈನಾನ್ಸಿನವರ ದಂಡ ಬೇರೆ, ಬ್ಯಾಂಕಿನ ದಂಡ ಬೇರೆ. ಒಂದೊಂದೂ ಐನೂರು ಎಂದು ಹಿಡಿದರೂ ಒಂದು ಬೌನ್ಸಿಗೆ 1,000 ರೂಪಾಯಿ ಹೋಯಿತು, ಸಿಬಿಲ್ ಮೇಲಿನ ಕಪ್ಪುಚುಕ್ಕೆ ಲೆಕ್ಕಕ್ಕೆ ಹಿಡಿಯದೆ.

'ನಮ್ಮೂರಲ್ಲಿ ನಗದಿಗೂ ಅದೇ ರೇಟು, ಕೇಳಿ ಏನು ಪ್ರಯೋಜನ' ಎನ್ನುವವರಿಗೆ ಉತ್ತರ ಸುಲಭವಲ್ಲ. ಇಎಂಐ ಮಾತೆತ್ತಿದ ಮೇಲೆ ನಗದು ಬೆಲೆ ಕೇಳಿದರೆ ಅಂಗಡಿಯವರು ಎರಡನ್ನೂ ಒಂದೇ ಎನ್ನುವ ಸಂಭವ ಹೆಚ್ಚು. ಆದ್ದರಿಂದ ಮೊದಲು ನಗದಿನ ಮಾತು, ಅದೂ ಎರಡು ಅಂಗಡಿಗಳಲ್ಲಿ, ಮಾಡೆಲ್ ನಂಬರ್ ಹಿಡಿದು. ಮಾಲೂರಿನವರಿಗೆ ಬೆಂಗಳೂರಿನ ರೇಟು ಒಂದು ರೈಲಿನ ದೂರದಲ್ಲಿದೆ, ಆನ್‌ಲೈನ್ ರೇಟು ಎಲ್ಲರ ಕೈಯಲ್ಲೂ ಇದೆ. ಇಷ್ಟಾದರೂ ಎಲ್ಲೂ ಒಂದು ಪೈಸೆ ಇಳಿಯದಿದ್ದರೆ, ಅದೇ ಆಫರ್ ಎಲ್ಲ ಅಂಗಡಿಗಳಲ್ಲೂ ಅದೇ ಮಾಡೆಲ್ಲಿಗೆ ಇದ್ದರೆ, ಬಡ್ಡಿ ಕಟ್ಟುತ್ತಿರುವುದು ಕಂಪನಿ ಎಂದು ನಂಬಬಹುದು. ಆಗ ಪರದವರ ಮೊಬೈಲಿನ ಲೆಕ್ಕವೇ ಅನ್ವಯಿಸುತ್ತದೆ, ಕೊಳ್ಳಲು ಅಡ್ಡಿಯಿಲ್ಲ. ಚೌಕಾಸಿ ಮಾಡುವ ಬಾಯಿ ಎಲ್ಲರಿಗೂ ಇರುವುದಿಲ್ಲ ಎಂಬ ಮಾತಿಗೆ ಮಾತ್ರ ಈ ಲೇಖನದಲ್ಲಿ ಪರಿಹಾರವಿಲ್ಲ. ನಗದು ಬೆಲೆ ಮತ್ತು ಕಂತಿನ ಬೆಲೆಯನ್ನು ಒಂದೇ ಚೀಟಿಯಲ್ಲಿ ಅಕ್ಕಪಕ್ಕ ಬರೆಯಬೇಕೆಂದು ಅಂಗಡಿಗಳಿಗೂ ನಿಯಮ ಬಂದರೆ ಅರ್ಧ ಜಗಳ ಮುಗಿಯುತ್ತದೆ.

ತೀರ್ಪು ಹೇಳುವುದಾದರೆ: ಬೆಲೆ ಎಲ್ಲೂ ಇಳಿಯದ ಮೊಬೈಲನ್ನು ಸಂಬಳದಾರರು ನೋ ಕಾಸ್ಟ್ ಕಂತಿನಲ್ಲಿ ಧಾರಾಳವಾಗಿ ಕೊಳ್ಳಲಿ. ನಗದಿಗೆ ಎರಡು ಸಾವಿರ ಇಳಿಯುವ ಫ್ರಿಡ್ಜು, ಟಿವಿ, ವಾಷಿಂಗ್ ಮೆಷಿನ್ನಿಗೆ ಬೇಡ. ಅದಕ್ಕೆ ದುಡ್ಡು ಸಾಲದಿದ್ದರೆ ವರ್ಷಕ್ಕೆ ಶೇ 10ರ ದರದಲ್ಲಿ ಒಡವೆ ಸಾಲ ಸಿಕ್ಕರೆ, 28,000ದಲ್ಲಿ ಕೈಯಲ್ಲಿರುವ 6,000 ಕಳೆದು ಉಳಿದ 22,000ವನ್ನು ಎಂಟು ಕಂತಿನಲ್ಲಿ ತೀರಿಸಲು ಬಡ್ಡಿ ಸುಮಾರು 825 ರೂಪಾಯಿ ಆಗುತ್ತದೆ, 2,590 ಅಲ್ಲ. ಅಂಗಡಿಯ ಕೌಂಟರಿನಲ್ಲಿ ಆಧಾರ್, ಪ್ಯಾನ್ ಕಾರ್ಡ್ ತೆಗೆದುಕೊಡುವ ಮುಂಚೆ ಒಂದು ಚೀಟಿಯಲ್ಲಿ ನಗದು ಬೆಲೆ ಬರೆಸಿಕೊಳ್ಳಿ, ಅದರ ಕೆಳಗೆ ಮುಂಗಡ, ಕಂತು, ಫೈಲ್ ಚಾರ್ಜ್, ಕೇಳದೆ ಸೇರಿಸಿದ ಇನ್ಶೂರೆನ್ಸು, ವಾರಂಟಿ ಎಲ್ಲ ಕೂಡಿಸಿ, ಆಮೇಲೆ ಸಹಿ ಹಾಕಿ.